ಬೀಗರಿಬ್ಬರ ನಡುವೆ ಒಂದು ಏದುಸಿರು

ನನ್ನ ಅತ್ತೆ ಮಸ್ಕಿಯಲ್ಲಿ ಆಶಾ ಕಾರ್ಯಕರ್ತೆ. ಯಾವ ಮನೆಯ ಬಸುರಿಗೆ ಎಷ್ಟನೇ ತಿಂಗಳು, ಯಾವ ಕೂಸಿಗೆ ಯಾವ ಲಸಿಕೆ ಬಾಕಿ, ಎಲ್ಲವೂ ಅವರಿಗೆ ಬಾಯಿಪಾಠ. ನನ್ನ ಅಪ್ಪ ಲಿಂಗಸುಗೂರಿನಲ್ಲಿ ಮೂವತ್ತು ವರ್ಷದಿಂದ ಔಷಧಿ ಅಂಗಡಿ ಇಟ್ಟವರು. ಗಿರಾಕಿಗಳಲ್ಲಿ ಅರ್ಧ ಜನ ಅವರನ್ನು 'ಡಾಕ್ಟರ್ ಸಾಹೇಬ್ರ' ಎಂದು ಕರೆಯುತ್ತಾರೆ. ಅಪ್ಪ ಒಮ್ಮೆಯೂ ಅದನ್ನು ತಿದ್ದಿದವರಲ್ಲ. ಇಂಥ ಇಬ್ಬರು ಬೀಗರಾದರೆ ಮನೆಯಲ್ಲಿ ಯಾರೂ ನೆಮ್ಮದಿಯಿಂದ ಸೀನುವಂತಿಲ್ಲ.

ಶಾಲೆ ಟೀಚರಾದ ನಾನಾದರೂ ಕಡಿಮೆಯವಳಲ್ಲ. ದೊಡ್ಡ ಮಗಳು ಕೂಸಾಗಿದ್ದಾಗ ಅವಳು ಒಂದು ಸಲ ಕೆಮ್ಮಿದರೂ ಆಸ್ಪತ್ರೆಗೆ ಓಡುತ್ತಿದ್ದೆ. ಕೊನೆಗೊಂದು ದಿನ ಡಾಕ್ಟರೇ, "ಟೀಚರ, ಮೂಗಿಗೆ ನೀರು ಬಂದ್ರ ಮೊದಲು ಒರಸ್ರಿ, ಆಮ್ಯಾಲ ಬಸ್ ಹತ್ರಿ" ಎಂದು ಕಳಿಸಿದ್ದರು. ಆ ಮಾತನ್ನು ನಮ್ಮ ಮನೆಯವರು ಪ್ರತಿ ಮದುವೆ, ಪ್ರತಿ ಬಸುರಿಯ ಕುಬಸದಲ್ಲೂ ಹೇಳಿ ನಕ್ಕರು. ಎರಡನೆಯವಳು ಹುಟ್ಟಿದಾಗ, ಈ ಸಲ ಗಟ್ಟಿಯಾಗಿರಬೇಕು ಎಂದು ನಾನು ಶಪಥ ಮಾಡಿದ್ದೆ.

ಅವಳಿಗೆ ನಾಲ್ಕು ತಿಂಗಳು ತುಂಬಿದ್ದ ಮಳೆಗಾಲದಲ್ಲಿ ದೊಡ್ಡವಳು ಅಂಗನವಾಡಿಯಿಂದ ನೆಗಡಿ ತಂದಳು. ತಂಗಿಗೆ ಮುತ್ತು ಕೊಟ್ಟು, ಅದರ ಜೊತೆಗೆ ನೆಗಡಿಯನ್ನೂ ಕೊಟ್ಟಳು. ಮೊದಲೆರಡು ದಿನ ಕೂಸಿಗೆ ಮೂಗು ಸೋರುವುದು, ಸಣ್ಣ ಕೆಮ್ಮು, ಕೈಗೆ ಹತ್ತಿಯೂ ಹತ್ತದಂಥ ಜ್ವರ. ಸುದ್ದಿ ಕೇಳಿದ ಅಪ್ಪ ಮರುದಿನದ ಮೊದಲ ಬಸ್ಸಿಗೆ ಕೈಚೀಲ ತುಂಬ ಬಾಟಲಿ ಹಿಡಿದು ಬಂದರು.

ಅತ್ತೆ ಒಂದೊಂದೇ ಬಾಟಲಿ ಎತ್ತಿ ಓದಿ, ಒಂದೊಂದನ್ನೇ ಚೀಲಕ್ಕೆ ಮರಳಿಸಿದರು.

"ಬೀಗರ, ಇಷ್ಟು ಸಣ್ಣ ಕೂಸಿಗೆ ಕೆಮ್ಮಿನ ಔಷಧಿ ಹಾಕಬಾರದ್ರಿ."

"ಮೂವತ್ತು ವರ್ಷ ಮಾರೀನಿ ಬೀಗ್ತಿಯವ್ರ."

"ಮಾರೀರಿ. ಕುಡಿದವ್ರು ಹ್ಯಾಂಗದಾರ ಅಂತ ನೋಡಾಕ ಹೋಗೀರೇನು?"

ಅಪ್ಪನಿಗೆ ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು. ಚೀಲದಲ್ಲಿ ಅತ್ತೆಗೆ ಒಪ್ಪಿಗೆಯಾದದ್ದು ಒಂದೇ, ಮೂಗಿಗೆ ಬಿಡುವ ಉಪ್ಪುನೀರಿನ ಹನಿ. ಹಾಲು ಕುಡಿಸುವ ಮೊದಲು ಎರಡು ಹನಿ ಬಿಡು ಎಂದು ನನಗೆ ತೋರಿಸಿಕೊಟ್ಟು, ಸಮೀಕ್ಷೆಯ ರಿಜಿಸ್ಟರ್ ಬಗಲಿಗೆ ಇಟ್ಟುಕೊಂಡು ಹೊರಟರು. ಬಾಗಿಲಲ್ಲಿ ತಿರುಗಿ ನಿಂತು, "ಇದು ಇವತ್ತ ನೆಗಡಿ. ನಾಳೆ, ನಾಡಿದ್ದು ಇನ್ನೂ ಜಾಸ್ತಿ ಆಗಬಹುದು. ಹಾಲು ಎಷ್ಟು ಕುಡೀತದ, ಉಚ್ಚಿ ಎಷ್ಟು ಸಲ ಮಾಡ್ತದ, ಅಷ್ಟು ಲಕ್ಷ್ಯ ಇಡವಾ" ಎಂದರು.

ಮರುದಿನ ಕೂಸು ನಾಲ್ಕು ಸಲ ಚೀಪಿ ಮೊಲೆ ಬಿಡತೊಡಗಿತು. ಮೂಗು ಕಟ್ಟಿದೆ, ಅದಕ್ಕೇ ಸಿಟ್ಟು ಎಂದುಕೊಂಡೆ. ಬೆಳಿಗ್ಗೆ ಕಟ್ಟಿದ ಲಂಗೋಟಿ ಮಧ್ಯಾಹ್ನವೂ ಒಣಗಿಯೇ ಇತ್ತು. ಅದನ್ನು ಕಂಡೆ, ಕಂಡೂ ಸುಮ್ಮನಿದ್ದೆ. ನಮ್ಮಲ್ಲೇ ಉಳಿದಿದ್ದ ಅಪ್ಪ "ಕುಡೀತಾ?" ಎಂದು ಕೇಳಿದರೆ "ಹ್ಞೂಂ, ಕುಡೀತು" ಎಂದೆ. ಮತ್ತೊಮ್ಮೆ 'ಮೂಗು ಒರಸ್ರಿ' ಅನ್ನಿಸಿಕೊಳ್ಳಲು ನಾನು ತಯಾರಿರಲಿಲ್ಲ. ನಗುವವರ ಭಯ ತಾಯಿಯನ್ನೂ ಸುಳ್ಳಿಯನ್ನಾಗಿ ಮಾಡುತ್ತದೆ.

ಆಗ ಅಪ್ಪನೇ ಕೂಸಿನ ಎದೆಗೆ ಕಿವಿ ಇಟ್ಟರು. ಉಸಿರು ಬಿಡುವಾಗ ಸುಂಯ್ ಎಂಬ ಸಣ್ಣ ಸದ್ದು. ಅಪ್ಪನ ಮುಖದಲ್ಲಿ ರೋಗ ಪತ್ತೆಹಚ್ಚಿದ ಖುಷಿಯೂ ಅಂಜಿಕೆಯೂ ಒಟ್ಟಿಗೆ ಬಂದವು.

"ಇದು ದಮ್ಮು. ನಮ್ಮಪ್ಪಗಿತ್ತು. ಚೀಲದಾಗ ಅದರ ಔಷಧಿ ಐತಿ, ಅರ್ಧ ಚಮಚ ಹಾಕೂಣು."

ಬಾಟಲಿಯ ಬಿರಡೆ ತಿರುವುತ್ತಿರುವಾಗಲೇ ಅತ್ತೆ ಊಟಕ್ಕೆ ಬಂದರು. ಚಪ್ಪಲಿ ಬಿಟ್ಟು, ಕೈ ತೊಳೆದು, ನೇರವಾಗಿ ಬಂದು ಕೂಸಿನ ಅಂಗಿ ಎತ್ತಿದರು. ಪ್ರತಿ ಉಸಿರಿಗೂ ಪಕ್ಕೆಲುಬಿನ ಕೆಳಗೆ ಹೊಟ್ಟೆ ಗುಳಿ ಬೀಳುತ್ತಿತ್ತು. ಮೂಗಿನ ಹೊಳ್ಳೆಗಳು ಅರಳಿ ಮುಚ್ಚುತ್ತಿದ್ದವು. ಅಂಗಿಯ ಮೇಲಿನಿಂದ ಇದೇನೂ ನನಗೆ ಕಂಡಿರಲಿಲ್ಲ. ಅತ್ತೆ ಮೊಬೈಲಿನಲ್ಲಿ ಒಂದು ನಿಮಿಷ ಪೂರ್ತಿ ನೋಡುತ್ತ, ಕೂಸಿನ ಉಸಿರನ್ನು ತುಟಿಯಲ್ಲೇ ಎಣಿಸಿದರು.

"ಅರವತ್ತಾರು. ಈ ವಯಸ್ಸಿಗೆ ಐವತ್ತು ದಾಟಬಾರದು. ಹಾಲು ಎಷ್ಟು ಕುಡೀತು?"

ನಾನು ಅಳತೊಡಗಿದೆ. "ಅರ್ಧನೂ ಇಲ್ರಿ ಅತ್ತಿ. ಲಂಗೋಟಿ ಒಣಗೇ ಐತಿ."

ಬೈಯುತ್ತಾರೆಂದು ಕಾದೆ. ಅವರು ಬೈಯಲಿಲ್ಲ, ಆಂಬುಲೆನ್ಸಿಗೆ ಫೋನ್ ಮಾಡಿದರು. ಅಪ್ಪನ ಕೈಯಿಂದ ಬಾಟಲಿ ತೆಗೆದು ಕಿಟಕಿಯಲ್ಲಿಟ್ಟು ಮೆತ್ತಗೆ ಹೇಳಿದರು, "ಬೀಗರ, ಈಗ ಅಂಗಡಿ ಬಂದ್ ಮಾಡ್ರಿ. ನಡೀರಿ."

ಸಿಂಧನೂರಿನವರೆಗೆ ಆಂಬುಲೆನ್ಸಿನಲ್ಲಿ ಆಕ್ಸಿಜನ್ ಮಾಸ್ಕನ್ನು ಮುಖಕ್ಕೆ ಹಿಡಿದುಕೊಂಡೇ ಹೋದೆವು. ಕಾಲುವೆ ಪಕ್ಕದ ಹಸಿರು ಗದ್ದೆಗಳು ಓಡುತ್ತಿದ್ದವು. ನಾನು ನೋಡುತ್ತಿದ್ದದ್ದು ಆ ಗುಳಿಯನ್ನು ಮಾತ್ರ. ಸಿಂಧನೂರಿನ ನೀರಾವರಿ ಕಚೇರಿಯಲ್ಲಿ ಕೆಲಸ ಮಾಡುವ ನನ್ನ ಗಂಡ ಆಸ್ಪತ್ರೆ ಬಾಗಿಲಲ್ಲೇ ನಿಂತಿದ್ದರು.

ಮಕ್ಕಳ ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ಕೂಸಿನ ಪಾದಕ್ಕೆ ಕ್ಲಿಪ್ ಹಾಕಿದಾಗ ಪರದೆಯ ಮೇಲೆ ಎಂಬತ್ತೆಂಟು ಬಂತು. ರಕ್ತದಲ್ಲಿ ಆಕ್ಸಿಜನ್ ಸಾಲದು ಎಂದು ಮೂಗಿನ ಸಿಂಬಳ ಎಳೆದು, ಹೊಳ್ಳೆಗಳಿಗೆ ಸಣ್ಣ ನಳಿಗೆ ಇಟ್ಟರು. ಏದುಸಿರಿನಲ್ಲಿ ಹಾಲು ಕುಡಿಸಿದರೆ ನೆತ್ತಿಗೇರಬಹುದೆಂದು ಮೂಗಿನಿಂದ ಹೊಟ್ಟೆಗೆ ಇನ್ನೊಂದು ನಳಿಗೆ ಹಾಕಿ, ನಾನು ಹಿಂಡಿಕೊಟ್ಟ ಹಾಲನ್ನು ಅದರಲ್ಲಿ ಬಿಟ್ಟರು. ತೊಂಬತ್ತನಾಲ್ಕು ಕಂಡಾಗ ಗಂಡ ಗೋಡೆಗೆ ಒರಗಿದರು.

"ಇದಕ್ಕ ಬ್ರಾಂಕಿಯೊಲೈಟಿಸ್ ಅಂತೀವ್ರಿ," ಎಂದರು ಡಾಕ್ಟರ್. "ನೆಗಡಿ ಮೂಗು, ಗಂಟಲಾಗ ಉಳೀತದ. ಇದು ಅದೇ ಥರಾ ವೈರಸ್ಸು, ಆದ್ರ ಕೆಳಗಿಳದು ಶ್ವಾಸಕೋಶದ ಸಣ್ಣ ಸಣ್ಣ ನಾಳಕ್ಕ ಬಾವು ಬರಸ್ತದ. ಕಫ ತುಂಬ್ತದ. ಕೂಸಿನ ನಾಳ ಮೊದಲೇ ಕಿರಿದು ನೋಡ್ರಿ, ಅದಕ್ಕ ಸುಂಯ್ ಅಂತದ."

ಅಪ್ಪ ಮುಂದೆ ಬಂದರು. "ಆಂಟಿಬಯಾಟಿಕ್ ಯಾವುದ್ ಬರೀತೀರಿ ಮೇಡಮ್ಮರ?"

"ಬ್ಯಾಡ್ರಿ. ವೈರಸ್ಸಿಗೆ ಅದು ನಾಟೂದಿಲ್ಲ."

"ದಮ್ಮಿನ ಔಷಧಿ?"

"ಇದು ದಮ್ಮಲ್ಲ. ಇದರಾಗ ಅದರಿಂದ ಉಪಯೋಗ ಇಲ್ರಿ."

"ಸ್ಟಿರಾಯ್ಡ್?"

"ಅದೂ ಇಲ್ಲ."

"ಮತ್ತ ಏನು ಕೊಡ್ತೀರಿ?"

"ಉಸಿರು, ಹಾಲು, ವೇಳೆ," ಎಂದು ಡಾಕ್ಟರ್ ನಕ್ಕರು.

ಅತ್ತೆಯ ಮುಖದಲ್ಲಿ ಅಂದು ಕಂಡ ತೃಪ್ತಿಯನ್ನು ನಾನು ಅವರ ಮಗನ ಮದುವೆಯಲ್ಲೂ ಕಂಡಿರಲಿಲ್ಲ. ಆದರೆ ಡಾಕ್ಟರ ಮುಂದಿನ ಪ್ರಶ್ನೆ ಬಂದೇ ಬಿಟ್ಟಿತು: "ಮನ್ಯಾಗ ಕೂಸಿಗೆ ಹೊಗಿ ತಾಕ್ತದೇನ್ರಿ? ಬೀಡಿ, ಒಲಿ, ಲೋಬಾನ?"

ದಿನಾ ನೀರೆರೆದ ಮೇಲೆ ಕೂಸಿಗೆ ಲೋಬಾನದ, ಅಂದರೆ ಸಾಂಬ್ರಾಣಿಯ, ಹೊಗೆ ಹಿಡಿಯುತ್ತಿದ್ದವರು ಅತ್ತೆಯೇ. ಊರ ತಾಯಂದಿರಿಗೆಲ್ಲ ಹೊಗೆ ಬೇಡವೆಂದು ಹೇಳಿಬರುವ ಅತ್ತೆ, ಈಗ ಫ್ಯಾನಿನ ರೆಕ್ಕೆ ಎಣಿಸತೊಡಗಿದರು. ಅಪ್ಪ ಗಂಟಲು ಸರಿಮಾಡಿಕೊಂಡರು. "ಹೇಳ್ರಿ ಬೀಗ್ತಿಯವ್ರ, ಮೇಡಮ್ಮರು ಕೇಳಾಕತ್ತಾರ."

ಮೂರು ದಿನ ಅಲ್ಲಿದ್ದೆವು. ನಾಲ್ಕನೆಯ ದಿನ ಆಕ್ಸಿಜನ್ ತೆಗೆದರೂ ತೊಂಬತ್ತಾರು ನಿಂತಿತು. ಹಾಲಿನ ನಳಿಗೆಯನ್ನೂ ತೆಗೆದರು. ಕೂಸು ನನ್ನ ಮೊಲೆಗೆ ಬಾಯಿ ಹಾಕಿ, ಬಿಡದೆ ಕುಡಿದು, ಮಡಿಲು ತೋಯಿಸಿತು. ಅಷ್ಟು ಸಂತೋಷದಿಂದ ಒದ್ದೆಯಾದ ನೆನಪು ನನಗೆ ಇನ್ನೊಂದಿಲ್ಲ.

ಬಿಡುಗಡೆಯ ಹೊತ್ತಿಗೆ ಡಾಕ್ಟರ್ ಹೇಳಿದರು: ಕೆಮ್ಮು ಎರಡು ಮೂರು ವಾರ ಉಳಿಯಬಹುದು, ಅಂಜಬೇಡಿ. ಆದರೆ ಉಸಿರು ಜೋರಾಗಿ ಎದೆ ಗುಳಿ ಬಿದ್ದರೆ, ಹಾಲು ಅರ್ಧಕ್ಕಿಳಿದರೆ, ಅರ್ಧ ದಿನ ಉಚ್ಚೆ ಇಲ್ಲದಿದ್ದರೆ, ಎಬ್ಬಿಸಿದರೂ ಮಂಕಾಗಿದ್ದರೆ ತಕ್ಷಣ ಬನ್ನಿ. ತುಟಿ ನೀಲಿಯಾದರೆ, ಉಸಿರು ನಡುವೆ ನಿಂತರೆ ಒಂದು ಕ್ಷಣವೂ ಕಾಯಬೇಡಿ. ನಾನು ಮೆಲ್ಲಗೆ, "ಸುಮ್ಮಸುಮ್ಮನ ಬಂದ್ರ ನಗತೀರೇನೋ ಅಂತ ತಡಾ ಮಾಡಿದ್ನಿರಿ" ಎಂದೆ.

"ನಗತೀನ್ರಿ," ಎಂದರು ಆಕೆ. "ನಕ್ಕು, ನೋಡಿ, ಕಳಸ್ತೀನಿ. ನೀವು ಬರ್ರಿ."

ಆ ಮೇಲೆ ನಮ್ಮ ಮನೆಯಲ್ಲಿ ಲೋಬಾನ ನಿಂತಿತು. ಹೊರಗಿನಿಂದ ಬಂದವರು ಕೈ ತೊಳೆಯದೆ ಕೂಸು ಮುಟ್ಟುವಂತಿಲ್ಲ, ದೊಡ್ಡವಳು ಮುತ್ತನ್ನು ಪಾದಕ್ಕೆ ಕೊಡಬೇಕು. ಮುಂದಿನ ತಿಂಗಳು ಲಿಂಗಸುಗೂರಿಗೆ ಹೋದಾಗ ಅಂಗಡಿಯ ಮುಂದೆ ಒಬ್ಬ ತಾಯಿ ಕೂಸಿನ ಕೆಮ್ಮಿಗೆ ಔಷಧಿ ಕೇಳುತ್ತಿದ್ದಳು. ಅಪ್ಪ ಬಾಟಲಿಗೆ ಕೈ ಹಾಕಲಿಲ್ಲ. ಕನ್ನಡಕ ಏರಿಸಿಕೊಂಡು, "ಮೊದಲ ಅಂಗಿ ಎತ್ತವಾ, ಎದಿ ನೋಡೂಣು" ಎಂದರು. ಫೋನಿನಲ್ಲಿ ಇದನ್ನು ಕೇಳಿದ ಅತ್ತೆ ಹೊಟ್ಟೆ ಹಿಡಿದು ನಕ್ಕು, "ನಿಮ್ಮಪ್ಪಗ ಹೇಳು, ಆಶಾ ಸೀರಿ ಒಂದು ಹೆಚ್ಚಿಗಿ ಐತಿ, ಕಳಸ್ತೀನಿ" ಎಂದರು.