ಸುಮನಳ ಬೋರ್ಡಿನ ಐದು ಕೆಲಸ

ಸುಮನಳ ಹೆಸರನ್ನು ನಾನು ಮೊದಲು ಕೇಳಿದ್ದು ಗೋಕಾಕದ ಹಿಟ್ಟಿನ ಗಿರಣಿಯಲ್ಲಿ, ಅದೂ ಬೈಗುಳದ ಜೊತೆ. ಮಮದಾಪುರದ ಮರೆವ್ವ ಜೋಳದ ಡಬ್ಬಿ ಇಳಿಸಿ ನನ್ನ ಬಾಜೂ ಕೂತು, ಮಗಳ ಸುದ್ದಿ ತೆಗೆದಳು.

"ಏನ್ ಹೇಳ್ಲಿ ದುಂಡವ್ವಕ್ಕಾ, ಹೊಲಿಗಿ ಕಲತ್ಲು, ಬಿಟ್ಲು. ಸುಟ್ಟ ಮೋಟರಿಗೆ ತಂತಿ ಸುತ್ತೂದು ಕಲತ್ಲು, ಬಿಟ್ಲು. ಹಾರ್ಮೋನಿಯಂ ಆತು, ಬೋರ್ಡ್ ಬರಿಯೂದಾತು, ಹುಡುಗೂರಿಗೆ ಟ್ಯೂಷನ್ ಆತು. ವಯಸ್ಸು ಮೂವತ್ತರ ಹತ್ರ ಬಂತು. ಕೇಳಿದ್ರ 'ಇನ್ನಾ ನೋಡಾಕತ್ತೇನವ್ವಾ' ಅಂತಾಳ. ಏನ್ ನೋಡ್ತಾಳೋ ದೇವರಿಗೇ ಗೊತ್ತು!"

ಅದೇ ಮಾತಿನಲ್ಲಿ ಅವಳು ನನ್ನ ಮನೆಯ ಮುಂದಿನ ಖೋಲಿಯನ್ನೂ ಕೇಳಿದಳು. ಯಜಮಾನರು ಇದ್ದಾಗ ಅಲ್ಲಿ ಸೈಕಲ್ ಅಂಗಡಿ ಇತ್ತು, ಅವರು ಹೋದಮೇಲೆ ಖಾಲಿ ಬಿದ್ದಿತ್ತು. ಕೊಡುತ್ತೇನೆ ಅಂದೆ.

ಮುಂದಿನ ವಾರ ಸುಮನ ಬಂದಳು. ಸಣ್ಣ ಮೈ, ದೊಡ್ಡ ನಗು, ಟೆಂಪೋ ತುಂಬ ಸಾಮಾನು. ಹೊಲಿಗೆ ಮಷಿನ್, ತಂತಿಯ ಸುರುಳಿ, ಬಣ್ಣದ ಡಬ್ಬಿಗಳು, ಬಟ್ಟೆಯಲ್ಲಿ ಸುತ್ತಿದ ಹಾರ್ಮೋನಿಯಂ. ಬಂದ ದಿನವೇ ತಾನೇ ಒಂದು ಬೋರ್ಡು ಬರೆದು ಬಾಗಿಲ ಮೇಲೆ ತೂಗಿಸಿದಳು. ಅಕ್ಷರ ಬಲು ಚೆಂದ. ಹೊಲಿಗೆ, ಮೋಟರ್ ವೈಂಡಿಂಗ್, ಹಾರ್ಮೋನಿಯಂ ಪಾಠ, ಟ್ಯೂಷನ್, ಬೋರ್ಡ್ ಬರೆಯುವುದು. ಒಂದರ ಕೆಳಗೆ ಒಂದು, ಒಂದೊಂದಕ್ಕೆ ಒಂದೊಂದು ಬಣ್ಣ.

ಓಣಿಯ ಮಲ್ಲೇಶ ನಿಂತು ಓದಿ ನಕ್ಕ. "ಏನವಾ ತಂಗಿ, ಇದು ಅಂಗಡಿ ಬೋರ್ಡೋ, ಬಸ್‌ಸ್ಟ್ಯಾಂಡಿನ ಬೋರ್ಡೋ? ಯಾವ ಬಸ್ ಮೊದಲ ಬಿಡ್ತೈತಿ?"

ಅವನು ಚೇಷ್ಟೆ ಮಾಡಿದ್ದು ಖರೆಯಾಯಿತು. ಮೋಟರ್ ಸುಟ್ಟವರು ಮೋಟರ್ ಒಂದನ್ನೇ ಮಾಡುವವನ ಹತ್ತಿರ ಹೋದರು. ಜಂಪರ್ ಹೊಲಿಸುವವರು ಹೊಲಿಗೆ ಒಂದನ್ನೇ ಮಾಡುವವಳ ಹತ್ತಿರ ಹೋದರು. ಐದು ಕೆಲಸ ಬಲ್ಲವಳ ಅಂಗಡಿಯಲ್ಲಿ ನೊಣ ಹಾರುತ್ತಿತ್ತು.

ಇಷ್ಟರಲ್ಲಿ ಹುಕ್ಕೇರಿಯಿಂದ ಶುಭಾಂಗಿ ಬಾಯಿಯವರು ಹೇಳಿಕಳಿಸಿದರು. ಅವರದು ಸಾಲಿ ಮಕ್ಕಳ ಯೂನಿಫಾರ್ಮ್ ಹೊಲಿಯುವ ಕಾರಖಾನೆ. ಇಪ್ಪತ್ತು ಮಂದಿ ಹೆಣ್ಣುಮಕ್ಕಳ ಮೇಲೆ ಸುಮನ ಸೂಪರ್‌ವೈಸರ್ ಆಗಬೇಕು, ತಿಂಗಳ ಪಗಾರ, ದಸರೆಯೊಳಗೆ ಹೂಂ ಅಥವಾ ಉಹೂಂ ಹೇಳಬೇಕು. ಮರೆವ್ವ ಕೇಳಿದವಳೇ ಓಡಿ ಬಂದಳು. "ಹೂಂ ಅಂತಿ ಇಲ್ಲ? ಉಹೂಂ ಅಂದ್ರ ಊರಿಗೆ ಬಾ, ಕಳೇ ತಗಿಯಾಕ ಬಾ."

ತಾಯಿ ಹೋದ ಮೇಲೆ ಸುಮನ ಕಟ್ಟೆಯ ಮೇಲೆ ನನ್ನ ಬಾಜೂ ಕೂತಳು. ಮುಖ ಇಳಿದಿತ್ತು.

"ಒಂದು ಹಿಡದ್ರ ಉಳದ ನಾಲ್ಕು ಸತ್ತಂಗ ಅನಸ್ತೈತ್ರಿ ಆಯಿ. ಹಿಡೀದಿದ್ರ ಐದೂ ಅರ್ಧ."

ನಾನು ಮೂರನೆಯ ಇಯತ್ತೆ ಓದಿದವಳು, ನನಗೇನು ತಿಳಿಯಬೇಕು? ಆದರೂ ಒಂದು ಮಾತು ಕೇಳಿದೆ. "ನೀ ಬಿಡೂದು ಯಾವಾಗ? ಕಷ್ಟ ಆದಾಗ ಬಿಡ್ತೀಯೋ, ಬ್ಯಾಸರಾದಾಗ ಬಿಡ್ತೀಯೋ?"

ಅವಳು ಬೆರಳು ಮಡಚಿ ಐದೂ ಕೆಲಸ ಎಣಿಸಿದಳು. "ಕಷ್ಟ ಇದ್ದಾಗ ಊಟಾನೂ ಬಿಟ್ಟು ಕೂಡ್ತೇನ್ರಿ. ಎಲ್ಲಾ ತಿಳೀತು ಅನ್ನೂದ್ರಾಗ ಕೈ ಬೀಳ್ತಾವು."

"ಹಂಗಾದ್ರ ಮೈಗಳ್ಳಿ ಅಲ್ಲ. ನಾವು ಜ್ವಾಳಾ ಬಿತ್ತುವಾಗ ಕೂರಿಗಿ ಬೀಜದ ಬಟ್ಟಲಕ್ಕ ಜ್ವಾಳಾ ಅಷ್ಟ ಹಾಕ್ತಿದ್ವಿ. ತೊಗರಿ ಅಕ್ಕಡಿ ಸಾಲು, ನಡುನಡುವಿನ ಸಾಲು, ಹಿಂದ ಬ್ಯಾರೆ ಬರ್ತಿತ್ತು. ಎರಡೂ ಬೆಳೀತಿದ್ವು. ನೀ ಐದೂ ಬೀಜಾ ಒಂದ ಬಟ್ಟಲಕ್ಕ ಸುರದಿ."

"ಅದು ತಿಳೀತ್ರಿ. ಖರೆ ನನ್ನ ಜ್ವಾಳಾ ಯಾವುದು?"

ಅದು ನನಗೂ ಗೊತ್ತಿರಲಿಲ್ಲ. ಕೂತಲ್ಲಿ ಯೋಚಿಸಿದರೆ ಐದೂ ಸಿಹಿಯೇ, ಮಾಡಿಯೇ ನೋಡಬೇಕು ಎಂದು ಅವಳೇ ಹಟ ಹಿಡಿದಳು. ದಸರೆಯ ತನಕ ಒಂದೊಂದು ವಾರ ಒಂದೊಂದೇ ಕೆಲಸ, ಅದೂ ತನಗಾಗಿ ಅಲ್ಲ, ಅರ್ಧ ಮಜೂರಿಗೆ ಕರೆದಾದರೂ ನಿಜವಾದ ಗಿರಾಕಿಗೆ. ಕಲಿಯುವ ಹುರುಪು ಬೇರೆ, ಗಿರಾಕಿ ಬಾಗಿಲಲ್ಲಿ ನಿಂತಾಗಿನ ಕೆಲಸ ಬೇರೆ, ಎರಡನೆಯದೇ ಖರೆ ಎಂದಳು.

ಹೊಲಿಗೆಯ ವಾರದಲ್ಲಿ ಹೊಸ ನಮೂನೆ ಕತ್ತರಿಸುವಾಗ ಹಾಡು, ಅದೇ ನಮೂನೆಯ ನಾಲ್ಕನೆಯ ಜಂಪರಿಗೆ ಆಕಳಿಕೆ. ಮೋಟರಿಗೆ ತಂತಿ ಸುತ್ತುವಾಗಲೂ ಹಾಗೆಯೇ, ಯಾಕೆ ಸುಟ್ಟಿತು ಎಂದು ಹುಡುಕುವತನಕ ಕಣ್ಣಲ್ಲಿ ಬೆಳಕು, ಸುತ್ತು ಎಣಿಸುವಾಗ ನಿದ್ದೆ. ಟ್ಯೂಷನ್ನಿನಲ್ಲಿ ದಡ್ಡ ಹುಡುಗ ಎಲ್ಲಿ ತಪ್ಪುತ್ತಾನೆ ಎಂದು ಹಿಡಿಯುವುದು ಅವಳಿಗೆ ಸೇರುತ್ತಿತ್ತು, ಪಾಠ ಬರೆಸುವುದು ಸೇರುತ್ತಿರಲಿಲ್ಲ. ಬೋರ್ಡ್ ಬರೆಯುವುದು ಸುಖ, ಆದರೆ ಗಿರಾಕಿ "ಅಕ್ಷರ ದಪ್ಪ ಮಾಡು" ಅಂದರೆ ಸಿಟ್ಟು. ಹಾರ್ಮೋನಿಯಂ ಪಾಠಕ್ಕೆ ಯಾರೂ ಬರಲೇ ಇಲ್ಲ. ಅವಳಿಗೆ ಅದರ ಬಗ್ಗೆ ಬೇಜಾರೂ ಆಗಲಿಲ್ಲ. ಸಂಜೆ ಒಬ್ಬಳೇ ಬಾರಿಸಿ ತೃಪ್ತಳಾಗಿ ಮಲಗಿದಳು.

ದಸರೆ ಹತ್ತಿರ ಬಂತು. ಮೂಡಲಗಿಯಿಂದ ಟೇಲರ್ ಬೀರಸಿದ್ದಪ್ಪ ಹೊಲಿಗೆ ಮಷಿನ್ ಒಂದನ್ನು ಬಸ್ಸಿನ ಮೇಲೆ ಹೇರಿಕೊಂಡು ಬಂದ. ಹಬ್ಬದ ಬಟ್ಟೆ ರಾಶಿ ಬಿದ್ದಿದ್ದವು, ಅವನ ಮುಖ ನೋಡುವಂತಿರಲಿಲ್ಲ.

"ಹೊಲಿಗಿ ನಡುನಡುವ ಬಿಟ್ಟು ಜಿಗ್ಯಾಕತ್ತಾವ್ರಿ ಬಾಯಾರ. ಎಲ್ಲಾರೂ ಕೈ ಎತ್ಯಾರ. ನೀವು ಮೋಟರೂ ಬಿಚ್ಚತೀರಿ, ಹೊಲಿಗೀನೂ ಬಲ್ರಿ ಅಂತ ಮಲ್ಲೇಶ ಅಂದಾ, ನಗಕೋತ ಅಂದಾ ಖರೆ, ನಾ ಬಂದೇನಿ."

ಸುಮನ ಸೂಜಿ ಬದಲಿಸಿದಳು, ಹೊಲಿಗೆ ಜಿಗಿಯಿತು. ಬಾಬಿನ್ ತೆಗೆದು ನೂಲಿನ ಧೂಳು ಬಳಿದಳು, ಆದರೂ ಜಿಗಿಯಿತು. ಆಗ ಮಷಿನ್ನನ್ನು ಮಗ್ಗುಲಿಗೆ ಮಲಗಿಸಿ ಕೈಯಿಂದ ಚಕ್ರ ಮೆಲ್ಲಗೆ ತಿರುಗಿಸುತ್ತ, ಒಳಗೆ ಇಣುಕುತ್ತ ಕೂತಳು. ನಾನು ಚಹಾ ಇಟ್ಟೆ, ಆರಿತು. ಇನ್ನೊಮ್ಮೆ ಇಟ್ಟೆ, ಅದೂ ಆರಿತು.

"ನೋಡ್ರಿ ಕಾಕಾ," ಎಂದು ಕೊನೆಗೆ ಕರೆದಳು. "ಸೂಜಿ ಕೆಳಗ ಹೋಗಿ ಮ್ಯಾಲ ಏಳುವಾಗ ದಾರ ಒಂದ್ ಕುಣಿಕಿ ಬಿಡ್ತೈತಿ. ಆ ಗಳಿಗಿಗೆ ಈ ಕೊಕ್ಕಿ ಬಂದು ಕುಣಿಕಿ ಹಿಡೀಬೇಕು. ನಿಮ್ದು ತಡಾ ಮಾಡಿ ಬರಾಕತ್ತೈತಿ."

ಸ್ಕ್ರೂ ಸಡಿಲಿಸಿ ಕೊಕ್ಕೆಯನ್ನು ಕೂದಲೆಳೆಯಷ್ಟು ಸರಿಸಿದಳು. ಹೊಲಿಗೆ ಇರುವೆಯ ಸಾಲಿನಂತೆ ಬಂತು. ಬೀರಸಿದ್ದಪ್ಪ ಅಲ್ಲೇ ಕೂತು ಒಂದು ಅಂಗಿಯ ತೋಳು ಹೊಲಿದುಕೊಂಡ.

ಅವನು ಹೋದ ಮೇಲೆ ಸುಮನ ತಣ್ಣಗಾದ ಚಹಾ ಕುಡಿಯುತ್ತ ಹೇಳಿದಳು. "ಆಯಿ, ಹೊಲಿಗಿ ಹಾಕೂದು ಎಲ್ಲಾ ಒಂದ ನಮೂನಿ. ಕೆಟ್ಟ ಮಷಿನ್ ಒಂದೊಂದು ಬ್ಯಾರೆ. ಎಲ್ಲಿ ಕೆಟ್ಟೈತಿ ಅಂತ ಹಿಡಿಯೂದು, ನಾ ಐದೂ ಕಡೆ ಇದನ್ನ ಹುಡಕಾಕತ್ತಿದ್ದೆ ನೋಡ್ರಿ. ಮೋಟರ್ ಕಲತದ್ದೂ, ಹೊಲಿಗಿ ಕಲತದ್ದೂ ಇಲ್ಲೇ ಬಂದು ಕೂಡಿದ್ವು."

ಮರುದಿನ ಹುಕ್ಕೇರಿಗೆ ಹೊರಟಳು, ನನ್ನನ್ನೂ ಕರೆದೊಯ್ದಳು. ಶುಭಾಂಗಿ ಬಾಯಿಯವರು ಲೆಕ್ಕದ ಹೆಂಗಸು. ಸೂಪರ್‌ವೈಸರ್ ಕೆಲಸ ಬೇಡ, ಹೊಲಿಗೆ ಮಷಿನ್ ರಿಪೇರಿ ಮಾಡುತ್ತೇನೆ ಎಂದು ಸುಮನ ಹೇಳಿದ್ದನ್ನು ಪೂರ್ತಿ ಕೇಳಿ ಅಂದರು, "ಪಗಾರ ಬಿಟ್ಟು ಊರೂರು ತಿರಗತೀನಿ ಅಂತಿ. ಬರೂ ವರ್ಷ ಇದೂ ಬ್ಯಾಸರಾದ್ರ?"

ಸುಮನ ತಡವರಿಸಲಿಲ್ಲ. "ಆಗಬಹುದ್ರಿ. ಜೀವಮಾನಕ್ಕ ಅಂತ ನಾ ಹೇಳಂಗಿಲ್ಲ. ಬರೂ ದಸರಾತನಕ ಮಷಿನ್ ಬಿಟ್ಟು ಬ್ಯಾರೆ ಗಿರಾಕಿ ಹಿಡ್ಯಂಗಿಲ್ಲ. ಆವಾಗ ಕುಂತು ನೋಡೂನು. ನಿಮ್ಮ ಇಪ್ಪತ್ತೂ ಮಷಿನ್ ವಾರಕ್ಕೊಮ್ಮೆ ನೋಡ್ಕೋತೀನಿ, ಅದಕ್ಕ ಏನ್ ಕೊಡ್ತೀರಿ ಹೇಳ್ರಿ."

ಸೂಪರ್‌ವೈಸರ್ ಪಗಾರದ ಅರ್ಧಕ್ಕೆ ಮಾತು ನಿಂತಿತು. ಉಳಿದರ್ಧ ಗೋಕಾಕ, ಮೂಡಲಗಿಯ ಟೇಲರುಗಳಿಂದ ಹುಟ್ಟಬೇಕು. ಹುಟ್ಟೀತೋ ಇಲ್ಲವೋ ಎಂಬ ಚಿಂತೆ ಇನ್ನೂ ಇದೆ, ಸುಳ್ಳೇಕೆ ಹೇಳಲಿ. ಮರೆವ್ವ ಇವತ್ತಿಗೂ ಗಿರಣಿಯಲ್ಲಿ ಬೈಯುತ್ತಾಳೆ, ಆದರೆ ಈಗ ಒಂದೇ ಕೆಲಸದ ಹೆಸರು ಹಿಡಿದು ಬೈಯುತ್ತಾಳೆ.

ಹಬ್ಬದ ಮರುದಿನ ಸುಮನ ಬೋರ್ಡಿಗೆ ಬಿಳಿ ಬಣ್ಣ ಬಳಿದು ಒಂದೇ ಸಾಲು ಬರೆದಳು: ಹೊಲಿಗೆ ಮಷಿನ್ ರಿಪೇರಿ. ತಂತಿಯ ಸುರುಳಿಯನ್ನು ಮಾರಿದಳು. ಟ್ಯೂಷನ್ ಹುಡುಗರನ್ನು ಬೇರೆ ಕಡೆ ಕಳಿಸುವಾಗ ಅತ್ತಳು ಸಹ. ಆಮೇಲೆ ಹಾರ್ಮೋನಿಯಂ ಎತ್ತಿಕೊಂಡು ನನ್ನ ಒಳಖೋಲಿಗೆ ಬಂದಳು.

"ಕಣ್ಮುಂದ ಇದ್ರ ಕೆಲಸ ಬಿಟ್ಟು ಬಾರಸ್ಕೋತ ಕೂಡ್ತೇನ್ರಿ, ನನಗ ನಾ ಗೊತ್ತು. ಇದು ನಿಮ್ಮ ಹತ್ರ ಇರ್ಲಿ. ಐತ್ವಾರ ಸಂಜೀಕ ಕೇಳಾಕ ಬಂದ್ರ ಕೊಡ್ರಿ. ಉಳದ ದಿನ, ಆಯಿ, ನಾ ಅತ್ತು ಕೇಳಿದ್ರೂ ಕೊಡಬ್ಯಾಡ್ರಿ."