ವರ್ಷಕ್ಕೊಂದು ಸಾಲು ಇಟ್ಟಿಗೆ

ಮೂವತ್ನಾಲ್ಕು ವರ್ಷ ಮನೆಮನೆಗೆ ಹೋಗಿ ಕರೆಂಟ್ ಮೀಟರ್ ಓದಿದ ಮನುಷ್ಯನಿಗೆ ಜನ ಇನ್ನೇನು ಹೆಸರಿಟ್ಟಾರು? ಮೀಟರ್ ಮಾಮ. ಆ ಹೆಸರೇ ಅವರ ಬೆನ್ನಿಗಂಟಿತು, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಹಳೇ ಮೀಟರ್ ಬದಲಿಸಿದಾಗಲೆಲ್ಲ ಮನೆಯವರ ಸಹಿ ತೆಗೆದುಕೊಳ್ಳಬೇಕಿತ್ತು. ಕಾಗದದ ಕಡೆ ಕಣ್ಣೂ ಹಾಯಿಸದೆ ಗೀಚಿ ಕೊಡುವವರನ್ನು ಕಂಡರೆ ಮಾಮನಿಗೆ ಮೈಯೆಲ್ಲ ಉರಿಯುತ್ತಿತ್ತು. "ಓದ್ರೀ ಸ್ವಾಮಿ, ಓದಿ ಸೈನ್ ಹಾಕಿ! ನಾಳೆ ನಿಮ್ಮ ಮನೇನೇ ಬರೆಸ್ಕೊಂಡು ಹೋದ್ರೆ ಏನ್ಮಾಡ್ತೀರಾ?" ಎಂದು ಬಾಗಿಲಲ್ಲೇ ನಿಲ್ಲಿಸಿ ಬೈಯುತ್ತಿದ್ದರು.

ಇಂಥ ಮಾಮ ತಮ್ಮ ಜೀವಮಾನದಲ್ಲಿ ಓದದೆ ಸಹಿ ಹಾಕಿದ್ದು ಒಂದೇ ಒಂದು ಸಲ. ಆ ಒಂದೇ ಸಲ ಸಾಕಾಯಿತು ನೋಡಿ.

ಅದು ಹೊಸ ಫ್ಲಾಟಿನ ಕೀಲಿಕೈ ಸಿಗುವ ದಿನ. ಹದಿನಾರು ಫ್ಲಾಟಿನ ಕಟ್ಟಡ, ನಾಲ್ಕು ಮಹಡಿ, ಲಿಫ್ಟ್ ಇಲ್ಲ, ಹಿಂದುಗಡೆ ವಿಶಾಲವಾದ ಬಯಲು. ಬಿಲ್ಡರ್ ಬಾಯಿ ತುಂಬ ನಗುತ್ತ ನಾಲ್ಕು ಪುಟದ ಕಾಗದ ಮುಂದಿಟ್ಟ. "ಏನಿಲ್ಲ ಮಾಮ, ಸುಮ್ನೆ ಫಾರ್ಮಾಲಿಟಿ. ಎಲ್ಲರ ಸೈನೂ ಬಂದ್ರೆ ಇವತ್ತೇ ಕೀ ಕೊಟ್ಬಿಡ್ತೀನಿ. ನಿಮ್ಮ ಮಾತು ಎಲ್ರೂ ಕೇಳ್ತಾರೆ, ನೀವೇ ಹಾಕಿಸ್ಕೊಡಿ." ಹೊಗಳಿಕೆಗೆ ಮಾಮ ಉಬ್ಬಿಹೋದರು. ಮೊದಲ ಸಹಿ ತಮ್ಮದೇ ಹಾಕಿದರು. ಒಂದೇ ಸಂಜೆಯಲ್ಲಿ ಉಳಿದ ಹದಿನೈದನ್ನೂ ತಂದುಕೊಟ್ಟರು. ಮೊದಲನೇ ಮಹಡಿಯ ಟೀಚರಮ್ಮ ಮಾತ್ರ, "ಇದರಲ್ಲಿ ಏನಿದೆ ಮಾಮ?" ಎಂದು ಕೇಳಿದ್ದರು. "ಅಯ್ಯೋ, ಏನೂ ಇಲ್ಲಮ್ಮ, ಹಾಕಿ ಹಾಕಿ" ಅಂದವರು ಬೇರೆ ಯಾರೂ ಅಲ್ಲ, ಇವರೇ.

ಆ ಕಾಗದದಲ್ಲಿ ಇದ್ದದ್ದು ಇಷ್ಟು: ಪ್ಲಾನ್ ಬದಲಿಸಿ ಹಿಂದಿನ ಬಯಲಿನಲ್ಲಿ ಇನ್ನೊಂದು ಕಟ್ಟಡ ಎಬ್ಬಿಸಲು ನಮ್ಮದೇನೂ ಅಭ್ಯಂತರವಿಲ್ಲ.

ವರ್ಷಗಳು ಉರುಳಿದವು. ಹಿಂದೆ ಹನ್ನೊಂದು ಕಂಬ ಎದ್ದು ಹಾಗೇ ನಿಂತವು. ವರ್ಷಕ್ಕೊಮ್ಮೆ ಒಬ್ಬ ಗಾರೆ ಮೇಸ್ತ್ರಿ ಬರುತ್ತಿದ್ದ, ಎರಡು ಕಂಬದ ನಡುವೆ ಒಂದು ಸಾಲು ಇಟ್ಟಿಗೆ ಕಟ್ಟುತ್ತಿದ್ದ, ಹೋಗುತ್ತಿದ್ದ. ಜನ ಅದನ್ನು ನೋಡಿ ನಗುತ್ತಿದ್ದರು. ಮೇಸ್ತ್ರಿ ಬಂದನೆಂದರೆ ವರ್ಷ ತುಂಬಿತು ಅಂತ ಲೆಕ್ಕ.

ನಗು ನಿಂತದ್ದು ಮಾಮನ ಹೆಂಡತಿ ಬಚ್ಚಲಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡ ಮೇಲೆ. ಆಪರೇಷನ್ ಆಯಿತು, ಊರುಗೋಲು ಹಿಡಿದು ನಡೆದಾಡುವ ಹಾಗಾದರು. ಆದರೆ ಮೆಟ್ಟಿಲು ಹತ್ತಿಳಿಯೋದು ಇನ್ನು ಕನಸು ಎಂದರು ಡಾಕ್ಟರು. ಮನೆ ಇದ್ದದ್ದು ನಾಲ್ಕನೇ ಮಹಡಿಯಲ್ಲಿ. ಬಾಯಿ ತುಂಬ ಇಡೀ ಬೀದಿಯನ್ನು ಮಾತಾಡಿಸುತ್ತಿದ್ದ ಹೆಂಗಸು ಎರಡು ವರ್ಷದಿಂದ ನೆಲ ಮೆಟ್ಟಿರಲಿಲ್ಲ. ಬಾಲ್ಕನಿಯ ಸರಳು ಹಿಡಿದು ನಿಂತು, ಕೆಳಗೆ ಹೋಗಿಬರುವವರನ್ನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಳ್ಳುತ್ತಿದ್ದರು.

"ರೀ, ನನಗೆ ದೊಡ್ಡ ಆಸೆ ಏನೂ ಇಲ್ಲ. ಒಂದು ಸಲ ಕೆಳಗಿಳಿದು ತರಕಾರಿಯವನ ಹತ್ರ ಜಗಳ ಆಡ್ಬೇಕು ಅಷ್ಟೆ" ಅಂದರು ಒಂದು ದಿನ. ಮಾಮ ಮರುದಿನವೇ ಲಿಫ್ಟ್ ಹಾಕುವವನಿಗೆ ಫೋನ್ ಮಾಡಿದರು.

ಲಿಫ್ಟಿನವನು ಬಂದು ನೋಡಿ, "ಹಿಂದುಗಡೆ ಹೊರಗಿನಿಂದ ಕಬ್ಬಿಣದ ಚೌಕಟ್ಟು ನಿಲ್ಲಿಸಿದ್ರೆ ಸಲೀಸಾಗಿ ಆಗುತ್ತೆ" ಎಂದ. ಹದಿನಾರು ಮನೆಯವರೂ ಒಪ್ಪಿದರು. ಮಾಮ ಕುಣಿಯುತ್ತ ನಗರಸಭೆಗೆ ಹೋದರು. ಅಲ್ಲಿನ ಇಂಜಿನಿಯರ್ ಅರ್ಜಿ ನೋಡಿ ಒಂದೇ ಪ್ರಶ್ನೆ ಕೇಳಿದ: "ಜಾಗ ಯಾರ ಹೆಸರಲ್ಲಿದೆ?"

ಮಾಮ ಫ್ಲಾಟಿನ ಕ್ರಯಪತ್ರ ಚಾಚಿದರು.

"ಇದು ನಿಮ್ಮ ಮನೇದು ಯಜಮಾನ್ರೇ. ನಾನು ಕೇಳ್ತಿರೋದು ನೆಲ. ನೆಲ ಇನ್ನೂ ಬಿಲ್ಡರ್ ಹೆಸರಲ್ಲೇ ಇದೆ. ನೀವೆಲ್ಲ ಸೇರಿ ಒಂದು ಸೊಸೈಟಿ ಆಗಬೇಕು, ಬಿಲ್ಡರ್ ಆ ಸೊಸೈಟಿ ಹೆಸರಿಗೆ ಕನ್ವೇಯನ್ಸ್ ಡೀಡ್ ಬರೆದು ನೆಲಾನೂ ಕಟ್ಟಡಾನೂ ರಿಜಿಸ್ಟರ್ ಮಾಡಿಕೊಡಬೇಕು. ಇಲ್ಲಾಂದ್ರೆ ಅವರ ಒಪ್ಪಿಗೆ ಪತ್ರ ತನ್ನಿ."

ಬಿಲ್ಡರ್ ಆಫೀಸಿಗೆ ಮಾಮ ಎಷ್ಟು ಸಲ ಹೋದರೋ ದೇವರಿಗೇ ಗೊತ್ತು. ಹೋದಾಗಲೆಲ್ಲ ಚಹಾ, ಬಿಸ್ಕತ್ತು, ಫ್ಯಾನಿನ ಕೆಳಗೆ ಕುರ್ಚಿ. ಬೈದಿದ್ದರೆ ತಿರುಗಿ ಬೈಯಬಹುದಿತ್ತು. ಆ ಪುಣ್ಯಾತ್ಮ ಬೈಯುವವನೇ ಅಲ್ಲ.

"ಸೊಸೈಟಿ ಮಾಡಿಕೊಡು ಮಾರಾಯಾ, ಅದು ನಿನ್ನ ಕೆಲಸ."

"ಮಾಡೋಣ ಮಾಮ, ಯಾರು ಬೇಡಾಂದ್ರು? ಹಿಂದಿನ ಕಟ್ಟಡ ಒಂದು ಮುಗೀಲಿ, ಎಲ್ಲ ಒಟ್ಟಿಗೆ."

"ಹಾಗಾದ್ರೆ ಲಿಫ್ಟಿಗಾದ್ರೂ ಒಪ್ಪಿಗೆ ಬರೆದುಕೊಡು. ನನ್ನ ಹೆಂಡ್ತಿ ಎರಡು ವರ್ಷದಿಂದ ಮೇಲೇ ಕೂತಿದ್ದಾಳೆ."

"ಅಕ್ಕನಿಗೆ ಹೀಗಾಯ್ತಾ! ಛೇ, ಛೇ. ಆದ್ರೆ ಚೌಕಟ್ಟು ಅಲ್ಲಿ ನಿಂತ್ರೆ ನನ್ನ ಪ್ಲಾನ್ ಕೆಟ್ಟುಹೋಗುತ್ತಲ್ಲ ಮಾಮ. ಇನ್ನೊಂಚೂರು ಚಹಾ?"

ಕೊನೆಗೆ ಟೀಚರಮ್ಮನೇ ದಾರಿ ಹುಡುಕಿದರು. ಬಿಲ್ಡರ್ ಸೊಸೈಟಿ ಮಾಡದಿದ್ದರೆ ಮನೆಯವರೇ ರಿಜಿಸ್ಟ್ರಾರ್ ಹತ್ತಿರ ಹೋಗಬಹುದಂತೆ. ಹೋದರು. ಬಿಲ್ಡರಿಗೆ ನೋಟಿಸ್ ಹೋಯಿತು, ಅವನು ಬರಲಿಲ್ಲ. ಎಂಟು ತಿಂಗಳಿಗೆ ಸೊಸೈಟಿ ರಿಜಿಸ್ಟರ್ ಆಯಿತು. ಆ ದಿನ ಮಾಮ ಸರ್ಟಿಫಿಕೇಟ್ ಹಿಡಿದು ನಾಲ್ಕು ಮಹಡಿಯನ್ನು ಒಂದೇ ಉಸಿರಿಗೆ ಹತ್ತಿದರು. ಹೆಂಡತಿ ಅದನ್ನು ಓದಿ, ಒಳಗೆ ಎತ್ತಿಟ್ಟಿದ್ದ ತಮ್ಮ ಚಪ್ಪಲಿ ತೆಗೆಸಿ, ಧೂಳು ಒರೆಸಿ ಬಾಗಿಲ ಬಳಿ ಇಟ್ಟುಕೊಂಡರು.

ಇನ್ನು ಡೀಡ್. ಸೊಸೈಟಿ ಕೇಳಿತು, ಬಿಲ್ಡರ್ ಉತ್ತರಿಸಲಿಲ್ಲ. ಅವನ ಬದಲು ಸರ್ಕಾರವೇ ಕನ್ವೇಯನ್ಸ್ ಮಾಡಿಕೊಡಲಿ ಎಂದು ಅರ್ಜಿ ಹಾಕಿದರು. ವಿಚಾರಣೆಯ ದಿನ ಬಿಲ್ಡರನ ವಕೀಲರು ಮೇಜಿನ ಮೇಲೆ ಎರಡೇ ವಸ್ತು ಇಟ್ಟರು. ಒಂದು, ಹದಿನಾರು ಸಹಿಯ ಆ ನಾಲ್ಕು ಪುಟ. ಇನ್ನೊಂದು, ಒಂಬತ್ತು ಫೋಟೋ: ವರ್ಷಕ್ಕೊಂದರಂತೆ, ಒಂದಕ್ಕಿಂತ ಒಂದರಲ್ಲಿ ಒಂದು ಸಾಲು ಎತ್ತರದ ಗೋಡೆ.

"ಎರಡು ಕಟ್ಟಡದ ಒಂದೇ ಲೇಔಟ್ ಸ್ವಾಮಿ. ಕೆಲಸ ನಡೀತಾ ಇದೆ."

ಅಧಿಕಾರಿ ಕೆಟ್ಟವರಲ್ಲ. ಕಾಗದವನ್ನು ಎರಡು ಸಲ ಓದಿದರು. "ನಿಮ್ಮ ಕಟ್ಟಡವನ್ನು ನಿಮ್ಮ ಸೊಸೈಟಿಗೆ ಬರೆಸಿಕೊಡಬಹುದು. ಆದರೆ ನೆಲ, ಕೊನೇ ಕಟ್ಟಡ ಮುಗಿದ ಮೇಲೆ ಎಲ್ಲರಿಗೂ ಸೇರಿ. ಎರಡನೇ ಕಟ್ಟಡ ಇಲ್ಲದಿದ್ದರೆ ಇವತ್ತೇ ನೆಲಾನೂ ಕೊಡಬಹುದಿತ್ತು. ನೀವೇ ಒಪ್ಪಿಗೆ ಕೊಟ್ಟಿದ್ದೀರಲ್ಲ. ಈ ಮೊದಲನೇ ಸೈನ್ ಯಾರದು?"

ಮಾಮ ಎದ್ದು ನಿಂತರು. ಟೀಚರಮ್ಮ ಅವರ ಕಡೆ ನೋಡಲಿಲ್ಲ, ನೋಡಿದ್ದರೇ ವಾಸಿಯಿತ್ತು.

ಮೇಲಿನ ಕೋರ್ಟಿಗೆ ಹೋಗಬಹುದು, ವರ್ಷಗಟ್ಟಲೆ ಹಿಡಿಯುತ್ತದೆ ಅಂದರು ಇವರ ವಕೀಲರು. ಮಾಮ ತಲೆಯಾಡಿಸಿ ಮನೆಗೆ ಬಂದರು. ಮುಂದಿನಿಂದ ಹೋದರೆ ಹೆಂಡತಿ ಕೇಳುತ್ತಾಳೆಂದು ಕಳ್ಳನ ಹಾಗೆ ಹಿಂದಿನಿಂದ ಬಂದರೆ, ಅಲ್ಲಿ ಮೇಸ್ತ್ರಿ ಕೂತು ಹತ್ತನೇ ಸಾಲು ಕಟ್ಟುತ್ತಿದ್ದ.

"ಮೇಸ್ತ್ರೀ, ಒಂದು ಮಹಡಿಗೆ ಎಷ್ಟು ಸಾಲು ಬೇಕಪ್ಪಾ?"

"ಒಂದು ಮೂವತ್ತು ಅಂದ್ಕೊಳ್ಳಿ."

"ಹೇಗೂ ಬಂದಿದ್ದೀಯಾ, ಇನ್ನೆರಡು ಸಾಲು ಎಳೆದುಬಿಡೋ. ನಿನ್ನ ಕಾಲಿಗೆ ಬೀಳ್ತೀನಿ."

ಮೇಸ್ತ್ರಿ ಕರಣೆ ಕೆಳಗಿಟ್ಟು ಮುಜುಗರದಿಂದ ನಕ್ಕ. "ನನಗೇನು ಕಷ್ಟ ಮಾಮ? ಆದ್ರೆ ಒಂದು ಸಾಲಿಗೆ ಆಗೋಷ್ಟೇ ಇಟ್ಟಿಗೆ, ಸಿಮೆಂಟು ಕೊಟ್ಟು ಕಳಿಸ್ತಾರೆ. ಹೆಚ್ಚು ಕಟ್ಟಿದ್ರೆ ಮುಂದಿನ ವರ್ಷ ಕರೆಯೋದಿಲ್ಲ. ಬೇಗ ಮುಗಿಸಿ ಹೋಗ್ತೀನಿ, ಆ ಇಟ್ಟಿಗೆ ಒಂದು ಈ ಕಡೆ ಕೊಡ್ತೀರಾ?"

ಮಾಮ ಬಗ್ಗಿ ಇಟ್ಟಿಗೆ ಎತ್ತಿಕೊಟ್ಟರು. ಆಮೇಲೆ ಇನ್ನೊಂದು. ಮೇಲೆ ಅಡುಗೆಮನೆಯ ಹಿಂದಿನ ಕಿಟಕಿಯಿಂದ ಹೆಂಡತಿಯ ದನಿ ಕೇಳಿಸಿತು.

"ರೀ, ಅಲ್ಲೇನ್ಮಾಡ್ತಿದ್ದೀರಾ? ಏನಂದ್ರು? ಚಪ್ಪಲಿ ಹಾಕ್ಕೊಂಡೇ ನಿಂತಿದ್ದೀನಿ!"

"ಬಂದೆ ಕಣೇ" ಅಂದರು ಮಾಮ, ತಲೆ ಎತ್ತದೆ, ಮೂರನೇ ಇಟ್ಟಿಗೆಗೆ ಕೈ ಹಾಕುತ್ತ.