ಇರಬೇಕಿಲ್ಲ, ಇರಬಾರದು

ದುಭಾಷಿಯಾಗಿ ಪರದೇಶದ ಆಸ್ಪತ್ರೆಗೆ ಸೇರಿದ ಮೊದಲ ದಿನವೇ ಅವಳಿಗೆ ಕನ್ನಡ ಮಾತ್ರ ಬಲ್ಲ ಆ ತಾಯಿ ಎದುರಾದಳು. ಮೂರು ವರ್ಷದ ಮಗಳು ಗಾಜಿನ ಬಾಗಿಲಿನಾಚೆ ತೀವ್ರ ನಿಗಾ ಘಟಕದಲ್ಲಿ ಮಲಗಿದ್ದಳು. ವೈದ್ಯರು ಆ ದೇಶದ ಭಾಷೆಯಲ್ಲಿ ಏನೋ ಹೇಳಿದರು. 'ಬೇಕು' ಎಂಬರ್ಥದ ಪದದ ಜೊತೆ 'ಇಲ್ಲ' ಎಂಬರ್ಥದ ಪದ ಕೇಳಿಸಿತು. ಅವಳು ಮೊದಲು ಕಲಿತಿದ್ದ ಇಂಗ್ಲಿಷಿನಲ್ಲಿ ಅವೆರಡು ಕೂಡಿ 'ಮಸ್ಟ್ ನಾಟ್' ಆದರೆ 'ಕೂಡದು' ಎಂದರ್ಥ. ಆ ರೂಢಿಯಲ್ಲೇ ದುಭಾಷಿ, "ನೀವಿಲ್ಲಿ ಇರಬಾರದಂತಮ್ಮ" ಎಂದಳು.

"ಮಗು ಎದ್ರೆ ಯಾರನ್ನ ಹುಡುಕುತ್ತೆ ಅಕ್ಕಾ? ಮೂಲೇಲಿ ನಿಂತಿರ್ತೀನಿ."

"ನನ್ನ ಕೈಲಿ ಏನಿದೆ ಹೇಳಿ."

ತಾಯಿ ಹಿಂತಿರುಗಿ ನೋಡುತ್ತಲೇ ಹೋದಳು. ಒಂದು ಗಂಟೆಯ ನಂತರ ದಾದಿ ಬಂದು ಕೇಳಿದಳು: "ಅಮ್ಮ ಎಲ್ಲಿ? ಮಗು ಅತ್ತು ಅತ್ತು ಸೋತಿದೆ." "ಡಾಕ್ಟರು ಇರಬಾರದು ಅಂದರಲ್ಲ?" ಎಂದಳು ದುಭಾಷಿ. "ಇಲ್ಲ, ಅಮ್ಮ ದಣಿದಿದ್ದಾರೆ, ಇರಲೇಬೇಕಿಲ್ಲ ಅಂತ ಡಾಕ್ಟರು ಹೇಳಿದ್ದಷ್ಟೇ."

ವೈದ್ಯರ ಭಾಷೆಯಲ್ಲಿ ಅವೆರಡು ಕೂಡಿದರೆ ನಿಷೇಧವಲ್ಲ, ಬಿಡುವು. ದುಭಾಷಿ ಹೊರಗೆ ಓಡಿದಳು. ಗೇಟಿನ ಬಳಿ ಕುಳಿತಿದ್ದ ತಾಯಿಯನ್ನು ಕೈಹಿಡಿದು ಓಡಿಸಿಕೊಂಡು ಬಂದಳು. ಅಷ್ಟರಲ್ಲಿ ಮಗುವಿಗೆ ಪ್ರಜ್ಞೆ ತಪ್ಪಿತ್ತು. ಅದು ಮತ್ತೆ ಕಣ್ಣು ತೆರೆಯಲಿಲ್ಲ.

ತಾಯಿ ಬೈಯಲಿಲ್ಲ. "ಕರೀತಿತ್ತಾ?" ಎಂದಷ್ಟೇ ಕೇಳಿದಳು.

ದುಭಾಷಿ ಈಗಲೂ ಅದೇ ಆಸ್ಪತ್ರೆಯಲ್ಲಿದ್ದಾಳೆ. ಪ್ರತಿ ಮಾತಿಗೂ ವೈದ್ಯರನ್ನು ತಡೆದು ಕೇಳುತ್ತಾಳೆ: "ಕೂಡದು ಅಂತಲೋ, ಬೇಕಾಗಿಲ್ಲ ಅಂತಲೋ?" ಅವರು ರೇಗುತ್ತಾರೆ. ಅವಳು ಮತ್ತೆ ಕೇಳುತ್ತಾಳೆ.